ಆಶಯ ಪತ್ರ: ದೋಸೆ ಹಿಟ್ಟಿನ ಪೌಚ್ ಸರಬರಾಜು

ದಿನಾಂಕ: 9 ಜೂನ್ 2025
ಬೆಂಗಳೂರು

ಇವರಿಗೆ,
ಶ್ರೀ ನಾಗರಾಜ್ ಅವರು, ಪಾಲುದಾರರು
ಪದರ ಪ್ಯಾಕೇಜಿಂಗ್, ಪೀಣ್ಯ ಕೈಗಾರಿಕಾ ಪ್ರದೇಶ, ಬೆಂಗಳೂರು

ಇವರಿಂದ,
ಎಚ್. ಕೆ. ಸುಮಾ, ಮಾಲೀಕರು
ಹದಹಿಟ್ಟು ಫುಡ್ಸ್, ರಾಜಾಜಿನಗರ ಕೈಗಾರಿಕಾ ಬಡಾವಣೆ, ಬೆಂಗಳೂರು

ವಿಷಯ: ಒಂದು ಕೆ.ಜಿ. ಹಿಟ್ಟಿನ ಮುದ್ರಿತ ಪೌಚ್‌ಗಳ ಸರಬರಾಜು. ಕರಾರಿಗೆ ಮುಂಚಿನ ಆಶಯ ಪತ್ರ

ಮಾನ್ಯರೇ,

ಹೋದ ವಾರ ನಿಮ್ಮ ಘಟಕದಲ್ಲಿ ಕೂತು ಮಾತಾಡಿದ್ದನ್ನು ಕಾಗದಕ್ಕೆ ಇಳಿಸಿದ್ದೇನೆ. ಕರಾರು ಪತ್ರ ವಕೀಲರ ಕೈಯಲ್ಲಿದೆ, ಇನ್ನೂ ಮೂರು ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯದೆ ಸಿಲಿಂಡರ್ ಕೆತ್ತನೆ ಶುರು ಮಾಡಬೇಕು, ಅದಕ್ಕೊಂದು ಭರವಸೆ ಬೇಕು ಎಂದು ನೀವು ಕೇಳಿದ್ದು ನ್ಯಾಯವೇ. ಆ ಭರವಸೆ ಈ ಪತ್ರದಲ್ಲಿದೆ. ಆದರೆ ಇದು ಖರೀದಿ ಆದೇಶವಲ್ಲ. ಯಾವ ಮಾತಿಗೆ ಇಬ್ಬರೂ ಕಟ್ಟುಬಿದ್ದಿದ್ದೇವೆ, ಯಾವುದಕ್ಕೆ ಇಲ್ಲ ಎಂಬುದನ್ನು ಬಿಡಿಸಿ ಬರೆದಿದ್ದೇನೆ. ಹಿಂದೊಮ್ಮೆ ಬೇರೊಬ್ಬ ಸರಬರಾಜುದಾರರ ಜೊತೆ ಎಲ್ಲವನ್ನೂ ಬಾಯಿಮಾತಿನಲ್ಲೇ ನಡೆಸಿ, ಬೇಡವಾದ ಎರಡು ತಿಂಗಳ ಫಿಲ್ಮ್‌ಗೆ ದುಡ್ಡು ಕಟ್ಟಿದ್ದೇನೆ. ಅದಕ್ಕೇ ಇಷ್ಟು ಉದ್ದದ ಕಾಗದ.

ಭಾಗ ಒಂದು: ಸದ್ಯದ ಅಂದಾಜು (ಯಾರನ್ನೂ ಕಟ್ಟಿಹಾಕುವುದಿಲ್ಲ)

1. ಪೌಚ್: 200 × 280 ಮಿ.ಮೀ., ಮೂರು ಪದರ. ಹೊರಗೆ 12 ಮೈಕ್ರಾನ್ ಪಾಲಿಯೆಸ್ಟರ್, ನಡುವೆ 15 ಮೈಕ್ರಾನ್ ನೈಲಾನ್, ಒಳಗೆ 60 ಮೈಕ್ರಾನ್ ಪಾಲಿಥೀನ್. ಆರು ಬಣ್ಣದ ಮುದ್ರಣ.

2. ಪ್ರಮಾಣ: ತಿಂಗಳಿಗೆ ಸುಮಾರು 80,000 ಪೌಚ್. ಇದು ನಮ್ಮ ಈಗಿನ ಮಾರಾಟ ನೋಡಿ ಹಾಕಿದ ಲೆಕ್ಕ ಅಷ್ಟೆ. ಇಷ್ಟನ್ನು ಕೊಂಡೇ ಕೊಳ್ಳುತ್ತೇವೆ ಎಂಬ ಮಾತು ಇದರಲ್ಲಿಲ್ಲ.

3. ಬೆಲೆ: ಪೌಚ್ ಒಂದಕ್ಕೆ 3 ರೂಪಾಯಿ 10 ಪೈಸೆ, ಜಿಎಸ್‌ಟಿ ಪ್ರತ್ಯೇಕ, ನಮ್ಮ ಬಾಗಿಲಿಗೆ ತಲುಪಿಸಿ. ಪಾಲಿಥೀನ್ ಕಾಳಿನ ದರ ಏರಿಳಿದರೆ ಬೆಲೆ ಹೇಗೆ ಬದಲಾಗಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನೀವು ಪ್ರತಿ ತಿಂಗಳು ಎಂದಿರಿ, ನಾನು ಮೂರು ತಿಂಗಳಿಗೊಮ್ಮೆ ಎಂದೆ. ಅದು ಕರಾರಿನಲ್ಲೇ ತೀರ್ಮಾನವಾಗಲಿ.

4. ಪಾವತಿ: ಮಾಲು ಒಪ್ಪಿಕೊಂಡ ದಿನದಿಂದ 30 ದಿನ ಎಂಬುದು ನಮ್ಮ ಪ್ರಸ್ತಾವ. ನಿಮ್ಮದು ಉದ್ಯಮ್ ನೋಂದಣಿಯ ಸಣ್ಣ ಘಟಕವಾದ್ದರಿಂದ 2006ರ ಎಂಎಸ್‌ಎಂಇಡಿ ಕಾಯ್ದೆಯ 45 ದಿನದ ಗಡಿ ಹೇಗೂ ಇದೆ. ಕರಾರಿನಲ್ಲಿ ಅದನ್ನು ಮೀರಿಸಲು ಬರುವುದಿಲ್ಲ, ನಾವೂ ಮೀರಿಸುವುದಿಲ್ಲ.

5. ಮೊದಲ ಲಾರಿ: ಆಗಸ್ಟ್ ಮೊದಲ ವಾರ.

ಈ ಐದರಲ್ಲಿ ಯಾವುದನ್ನು ಬದಲಾಯಿಸಿದರೂ, ಕೈಬಿಟ್ಟರೂ ಯಾರೂ ಯಾರಿಂದಲೂ ಪರಿಹಾರ ಕೇಳುವಂತಿಲ್ಲ.

ಕರಾರಿಗೆ ಸಹಿ ಬೀಳುವ ಮುಂಚೆ ಎರಡು ಕೆಲಸ ಮುಗಿದಿರಬೇಕು. ಒಂದು, ಮುದ್ರಣದ ಶಾಯಿ ಐಎಸ್ 15495ಕ್ಕೆ ಸರಿಹೊಂದುತ್ತದೆ ಎಂಬ ಪತ್ರ ಮತ್ತು ಒಳಪದರದ ಮೈಗ್ರೇಷನ್ ಪರೀಕ್ಷೆಯ ವರದಿ. ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಇವೆರಡೂ ಬೇಕು. ಇನ್ನೊಂದು ಸೋರಿಕೆಯ ವಿಷಯ. ನೀವು ಕೊಟ್ಟ 200 ಮಾದರಿ ಪೌಚ್‌ಗಳಲ್ಲಿ ಹಿಟ್ಟು ತುಂಬಿ ಐದು ದಿನ ಫ್ರಿಡ್ಜ್‌ನಲ್ಲಿಟ್ಟೆವು, ಆರನೇ ದಿನ ಹೊರಗೆ ಬಿಟ್ಟೆವು. ಹಿಟ್ಟು ಹುದುಗಿ ಪೌಚ್‌ಗಳು ದಿಂಬಿನ ಹಾಗೆ ಉಬ್ಬಿದವು. 197 ಗಟ್ಟಿಯಾಗಿ ನಿಂತವು. ಮೂರರಲ್ಲಿ ಮಾತ್ರ ಕೆಳಗಿನ ಎಡ ಮೂಲೆಯಲ್ಲಿ, ಬೆಸುಗೆ ಮಡಿಚಿಕೊಂಡ ಕಡೆ, ಬಿಳಿ ಗೆರೆಯಂತೆ ಹಿಟ್ಟು ಒಸರಿತ್ತು. ಮೂರೂ ಅದೇ ಮೂಲೆ. ಅಂದಮೇಲೆ ತಪ್ಪು ಫಿಲ್ಮಿನದಲ್ಲ, ಸೀಲಿಂಗ್ ಪಟ್ಟಿಯದಿರಬೇಕು ಅನ್ನುವುದು ನನ್ನ ಅನುಮಾನ. ನಿಮ್ಮ ಮೇಸ್ತ್ರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಸರಿಪಡಿಸಿ ಮತ್ತೆ 200 ಕಳಿಸಿ. ಆ ಸಲ ಒಂದೂ ಸೋರಬಾರದು. ಅಂಗಡಿಯವರ ಫ್ರಿಡ್ಜ್‌ನಲ್ಲಿ ಒಂದು ಪೌಚ್ ಸೋರಿದರೆ ಪಕ್ಕದ ಹಾಲಿನ ಪ್ಯಾಕೆಟ್ಟೂ ಅಂಟು, ಬೈಗುಳ ಮಾತ್ರ ನಮಗೆ.

ಭಾಗ ಎರಡು: ಇಬ್ಬರೂ ಬದ್ಧರಾಗಿರುವ ಮಾತುಗಳು

ನೀವು ಸಹಿ ಹಾಕಿದ ದಿನದಿಂದ ಕೆಳಗಿನ 6ರಿಂದ 11ರವರೆಗಿನ ಅಂಶಗಳು, ಇವು ಮಾತ್ರ, ಕಾನೂನಿನ ಪ್ರಕಾರ ಜಾರಿಯಲ್ಲಿರುತ್ತವೆ.

6. ಸಿಲಿಂಡರ್‌ಗಳು. ಆರು ಬಣ್ಣಕ್ಕೆ ಆರು ಸಿಲಿಂಡರ್, ತಲಾ 7,200 ರೂಪಾಯಿಯಂತೆ ಒಟ್ಟು 43,200 ರೂಪಾಯಿ ಮತ್ತು ಜಿಎಸ್‌ಟಿ. ವಿನ್ಯಾಸದ ಅಂತಿಮ ಪ್ರತಿಗೆ ನಾನು ಸಹಿ ಹಾಕಿ ಕೊಟ್ಟ ಮೇಲಷ್ಟೇ ಕೆತ್ತನೆ ಶುರುವಾಗಬೇಕು. ಹಿಂಬದಿಯ ಪರವಾನಗಿ ಸಂಖ್ಯೆ, ಹಸಿರು ಗುರುತು, ನಿವ್ವಳ ತೂಕ, ಎಂಆರ್‌ಪಿಯ ಜಾಗ ಇವೆಲ್ಲ ಸರಿಯಿವೆಯೇ ಎಂದು ನೋಡುವ ಹೊಣೆ ನಮ್ಮದು. ಸಹಿಯಾದ ಪ್ರತಿಯಂತೆ ಕೆತ್ತುವ ಹೊಣೆ ನಿಮ್ಮದು. ಅಷ್ಟಾದ ಮೇಲೆ ನಾವು ಹಿಂದೆ ಸರಿದರೆ, ಇಲ್ಲವೇ ಬೆಲೆ ಹೊಂದದೆ ಕರಾರು ಮುರಿದರೆ, ನಿಮ್ಮ ಬಿಲ್ಲು ಬಂದ 15 ದಿನದೊಳಗೆ ಈ ಮೊತ್ತವನ್ನು ಪೂರ್ತಿ ಕೊಡುತ್ತೇವೆ. ನಮ್ಮ ಚಿತ್ರ ಕೆತ್ತಿದ ಸಿಲಿಂಡರ್‌ಗೆ ಬೇರೆ ಗಿರಾಕಿ ಸಿಗುವುದಿಲ್ಲ, ಆ ನಷ್ಟ ನಿಮ್ಮ ತಲೆಗೆ ಬರಬಾರದು. ದುಡ್ಡು ಕೊಟ್ಟ ಮೇಲೆ ಸಿಲಿಂಡರ್‌ಗಳು ನಮ್ಮವು. ನೀವೇ ಹಿಂದೆ ಸರಿದರೆ, ಅಥವಾ ಎರಡನೇ ಸೋರಿಕೆ ಪರೀಕ್ಷೆಯಲ್ಲಿ ಪೌಚ್ ನಿಲ್ಲದಿದ್ದರೆ, ಖರ್ಚು ನಿಮ್ಮದೇ.

ಈ ಪತ್ರದಿಂದ ನಮಗೆ ಬರಬಹುದಾದ ಹಣದ ಹೊಣೆ ಇಷ್ಟೇ, ಇದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಕರಾರಿಗೆ ಮುಂಚೆ ನೀವು ನೈಲಾನ್ ರೋಲ್ ತರಿಸಿಟ್ಟರೆ ಅದು ನಿಮ್ಮ ಸ್ವಂತ ಲೆಕ್ಕ.

7. ಆದೇಶ ಅಂದರೆ ಯಾವುದು. ನನ್ನ ಸಹಿಯಿರುವ ಖರೀದಿ ಆದೇಶ ಮಾತ್ರ ಆದೇಶ. ನಮ್ಮ ಗೋಡೌನಿನ ಹುಡುಗರು ಫೋನಿನಲ್ಲಿ “ಸ್ವಲ್ಪ ಬೇಗ ಕಳಿಸಿ ಸಾರ್” ಅಂದರೆ, ವಾಟ್ಸಾಪ್‌ನಲ್ಲಿ ನಾನೇ ಹೆಬ್ಬೆರಳು ತೋರಿಸಿದರೂ, ಅದರಿಂದ ಕರಾರು ಹುಟ್ಟುವುದಿಲ್ಲ. ಮಾದರಿ ಪೌಚ್ ಪಡೆದು ಬಳಸಿದ್ದನ್ನೂ ಒಪ್ಪಿಗೆ ಎಂದು ತಿಳಿಯಬಾರದು.

8. ಬೇರೆಯವರ ಜೊತೆ ಮಾತು. 10 ಜುಲೈ 2025ರವರೆಗೆ ಈ ಪೌಚ್‌ಗಾಗಿ ಬೇರೆ ತಯಾರಕರಿಂದ ದರಪಟ್ಟಿ ಕೇಳುವುದಿಲ್ಲ. ಈಗಿನ ಸರಬರಾಜುದಾರರಿಂದ ಹಳೇ ವಿನ್ಯಾಸದ ಪೌಚ್ ಕೊಳ್ಳುವುದು ಇದಕ್ಕೆ ಹೊರತು. ಅಲ್ಲಿಯವರೆಗೆ ಹಿಟ್ಟು ಮಾರಬೇಕಲ್ಲ.

9. ಗೋಪ್ಯತೆ. ನಮ್ಮ ವಿನ್ಯಾಸ, ಮಾರಾಟದ ಅಂಕಿ, ಹಿಟ್ಟು ಕೆಡದೆ ಉಳಿಯುವ ದಿನಗಳ ಪರೀಕ್ಷೆಯ ವಿವರ. ನಿಮ್ಮ ದರ ಮತ್ತು ಪದರಗಳ ಲೆಕ್ಕ. ಇವನ್ನು ಇಬ್ಬರೂ ಎರಡು ವರ್ಷ ಹೊರಗೆ ಬಿಡುವಂತಿಲ್ಲ. ವಕೀಲರಿಗೆ, ಲೆಕ್ಕಪರಿಶೋಧಕರಿಗೆ, ಕೇಳಿದರೆ ಸರ್ಕಾರಿ ಅಧಿಕಾರಿಗಳಿಗೆ ತೋರಿಸಬಹುದು.

10. ಅವಧಿ. ಕರಾರಿಗೆ ಸಹಿಯಾದ ದಿನ, ಆಗದಿದ್ದರೆ 15 ಜುಲೈ 2025ರ ಸಂಜೆ 5 ಗಂಟೆಗೆ ಈ ಪತ್ರ ಮುಗಿಯುತ್ತದೆ. ಅದಕ್ಕೂ ಮುಂಚೆ ಯಾರು ಬೇಕಾದರೂ ಲಿಖಿತವಾಗಿ ತಿಳಿಸಿ ಮಾತುಕತೆ ನಿಲ್ಲಿಸಬಹುದು, ಕಾರಣ ಹೇಳಬೇಕಿಲ್ಲ. ಪತ್ರ ಮುಗಿದರೂ 6 ಮತ್ತು 9 ಉಳಿಯುತ್ತವೆ. ಹೊಸ ಕರಾರು ಇವನ್ನು ಬದಲಿಸಿದರೆ ಕರಾರಿನ ಮಾತೇ ನಡೆಯುತ್ತದೆ.

11. ವಕೀಲರ ಖರ್ಚು ಅವರವರದು. ಭಾರತದ ಕಾನೂನು ಅನ್ವಯ, ವ್ಯಾಜ್ಯವಾದರೆ ಬೆಂಗಳೂರಿನ ನ್ಯಾಯಾಲಯಗಳು.

ಒಪ್ಪಿಗೆಯಾದರೆ ಎರಡೂ ಪ್ರತಿಗೆ ಸಹಿ, ಮೊಹರು ಹಾಕಿ, ಒಂದನ್ನು 13 ಜೂನ್ ಶುಕ್ರವಾರದೊಳಗೆ ಕಳಿಸಿಕೊಡಿ. ಒಂದೆರಡು ಪದ ತಿದ್ದಬೇಕಿದ್ದರೆ ಕಾಗದದ ಮೇಲೇ ಗೀಚದೆ ಮೊದಲು ಫೋನ್ ಮಾಡಿ, ಹೊಸದಾಗಿ ಟೈಪ್ ಮಾಡಿಸುತ್ತೇನೆ. ಸಹಿಯಾದ ಪ್ರತಿ ಕೈಸೇರಿದ ಮಾರನೇ ದಿನವೇ ವಿನ್ಯಾಸದ ಅಂತಿಮ ಪ್ರತಿ ನಿಮಗೆ ತಲುಪುತ್ತದೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಎಚ್. ಕೆ. ಸುಮಾ
ಮಾಲೀಕರು, ಹದಹಿಟ್ಟು ಫುಡ್ಸ್

ಸರಬರಾಜುದಾರರ ಒಪ್ಪಿಗೆ: ಮೇಲಿನದನ್ನು ಓದಿ ತಿಳಿದುಕೊಂಡಿದ್ದೇವೆ. 1ರಿಂದ 5ರವರೆಗಿನದು ಬರೀ ಅಂದಾಜು, 6ರಿಂದ 11ರವರೆಗಿನದಕ್ಕೆ ನಾವು ಬದ್ಧರು.

(ಸಹಿ ಮತ್ತು ಮೊಹರು)
ನಾಗರಾಜ್, ಪಾಲುದಾರರು
ಪದರ ಪ್ಯಾಕೇಜಿಂಗ್ ಪರವಾಗಿ
12 ಜೂನ್ 2025