ಫ್ರೀ-ಲುಕ್ ಅವಧಿಯಲ್ಲಿ ರದ್ದುಪಡಿಸಿದ ಪಾಲಿಸಿಯ ಪ್ರೀಮಿಯಂ ಮರುಪಾವತಿ ಕೋರಿ ವಿಮಾ ಕಂಪನಿಗೆ ಪತ್ರ

ಮಂಡ್ಯ
ದಿನಾಂಕ: 21-04-2025

ಇವರಿಂದ,
ಎಂ. ಕೆ. ಸರೋಜಮ್ಮ
ನಿವೃತ್ತ ಪ್ರೌಢಶಾಲಾ ಸಹಶಿಕ್ಷಕಿ
ವಿದ್ಯಾನಗರ, ಮಂಡ್ಯ – 571401

ಇವರಿಗೆ,
ಶಾಖಾ ವ್ಯವಸ್ಥಾಪಕರು
ಜೀವ ವಿಮಾ ಕಂಪನಿಯ ಶಾಖಾ ಕಚೇರಿ
ಮೈಸೂರು

ವಿಷಯ: ಪಾಲಿಸಿ ಸಂಖ್ಯೆ 0084417296 – ಫ್ರೀ-ಲುಕ್ ಅವಧಿಯೊಳಗೆ ರದ್ದುಪಡಿಸಿದ ಪಾಲಿಸಿಗೆ ಕಟ್ಟಿದ ₹1,04,500 ಹಣವನ್ನು ಮರುಪಾವತಿ ಮಾಡುವ ಬಗ್ಗೆ.

ಉಲ್ಲೇಖ: 1. ದಿನಾಂಕ 04-04-2025ರ ನನ್ನ ರದ್ದತಿ ಪತ್ರ, ತಮ್ಮ ಶಾಖೆಯ ಸ್ವೀಕೃತಿ ಮುದ್ರೆಯೊಂದಿಗೆ.
2. ದಿನಾಂಕ 15-04-2025ರಂದು ತಮ್ಮ ಪಾಲಿಸಿ ಸೇವಾ ವಿಭಾಗದಿಂದ ನನಗೆ ಬಂದ ಇ-ಮೇಲ್.

ಮಾನ್ಯರೇ,

ಮೇಲ್ಕಂಡ ಪಾಲಿಸಿಯನ್ನು ಫ್ರೀ-ಲುಕ್ ಅವಧಿಯೊಳಗೆ ರದ್ದುಪಡಿಸಬೇಕೆಂದು ಕೋರಿ, ಮೂಲ ಪಾಲಿಸಿ ಬಾಂಡನ್ನೂ ಜೊತೆಗಿಟ್ಟು, 04-04-2025ರಂದು ತಮ್ಮ ಶಾಖೆಗೆ ಖುದ್ದಾಗಿ ಪತ್ರ ಸಲ್ಲಿಸಿದ್ದೇನೆ. ಪತ್ರದ ಪ್ರತಿಯ ಮೇಲೆ ತಮ್ಮ ಸಿಬ್ಬಂದಿ ದಿನಾಂಕ ಸಹಿತ ಮುದ್ರೆ ಹಾಕಿ ಸಹಿ ಮಾಡಿಕೊಟ್ಟಿದ್ದಾರೆ. ಮನವಿ ತಲುಪಿದ 7 ದಿನಗಳೊಳಗೆ, ಅಂದರೆ 11-04-2025ರೊಳಗೆ, ಹಣ ನನ್ನ ಖಾತೆಗೆ ಬರಬೇಕಿತ್ತು. ನಡುವೆ ಸರ್ಕಾರಿ ರಜೆಗಳು ಬಂದದ್ದನ್ನು ಗಮನಿಸಿಯೇ ಕಾದೆನು. ಆದರೆ ಹಣದ ಬದಲು ಬಂದದ್ದು ಉಲ್ಲೇಖ 2ರ ಇ-ಮೇಲ್. ಅದರಲ್ಲಿ ಎತ್ತಿರುವ ಆಕ್ಷೇಪಗಳಿಗೆ ಉತ್ತರವಾಗಿಯೂ, ಹಣವನ್ನು ಕೂಡಲೇ ಹಿಂದಿರುಗಿಸಬೇಕೆಂಬ ಬೇಡಿಕೆಯಾಗಿಯೂ ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲಿಗೆ ವ್ಯವಹಾರದ ವಿವರವನ್ನು ದಾಖಲಿಸುತ್ತೇನೆ. 07-03-2025ರಂದು ನನ್ನ ಉಳಿತಾಯ ಖಾತೆಯಿಂದ ₹1,00,000 ಪ್ರೀಮಿಯಂ ಮತ್ತು ಅದರ ಮೇಲೆ ಶೇ. 4.5ರಂತೆ ₹4,500 ಜಿಎಸ್‌ಟಿ, ಒಟ್ಟು ₹1,04,500 ತಮ್ಮ ಕಂಪನಿಗೆ ಪಾವತಿಯಾಗಿದೆ. ಪಾಲಿಸಿಯ ರಕ್ಷಣೆ ಆರಂಭವಾದದ್ದು 13-03-2025ರಂದು. ಪಾಲಿಸಿಯ ಲಿಂಕ್ ಇರುವ ಎಸ್‌ಎಂಎಸ್ 15-03-2025ರಂದು ನನ್ನ ಮೊಬೈಲಿಗೆ ಬಂದಿತು. ಮುದ್ರಿತ ಬಾಂಡ್ ಸ್ಪೀಡ್ ಪೋಸ್ಟ್ ಮೂಲಕ 20-03-2025ರಂದು ಕೈಸೇರಿತು. ಈ ಅವಧಿಯಲ್ಲಿ ಯಾವುದೇ ಕ್ಲೇಮ್ ಮಾಡಿಲ್ಲ, ಯಾವುದೇ ವೈದ್ಯಕೀಯ ತಪಾಸಣೆಯೂ ನಡೆದಿಲ್ಲ.

ರದ್ದುಪಡಿಸಲು ಕಾರಣ ಸರಳವಾದುದು. ನಾನು ಕೇಳಿದ್ದು ಒಮ್ಮೆ ಹಣವಿಟ್ಟು 5 ವರ್ಷದ ನಂತರ ಹಿಂಪಡೆಯಬಹುದಾದ ಠೇವಣಿಯನ್ನು. ಮಾರಾಟದ ಸಮಯದಲ್ಲಿ ನನಗೆ ಹೇಳಿದ್ದೂ ಅದನ್ನೇ. ಮಾಹಿತಿಯನ್ನೆಲ್ಲ ಟ್ಯಾಬ್‌ನಲ್ಲಿ ಪಾಲಿಸಿ ಮಾರಿದವರೇ ತುಂಬಿ, ಮೊಬೈಲಿಗೆ ಬಂದ ಒಟಿಪಿಯನ್ನು ಸಹಿಯ ಬದಲಾಗಿ ಪಡೆದುಕೊಂಡರು. ಬಾಂಡ್ ಕೈಗೆ ಬಂದಾಗ ಅದರ ಷೆಡ್ಯೂಲ್‌ನಲ್ಲಿದ್ದದ್ದು ಬೇರೆಯೇ: ವರ್ಷಕ್ಕೆ ₹1,00,000ದಂತೆ 10 ವರ್ಷ ಪ್ರೀಮಿಯಂ, ಪಾಲಿಸಿ ಅವಧಿ 15 ವರ್ಷ, ವಿಮಾ ಮೊತ್ತ ₹10,00,000. ನಿವೃತ್ತಿ ವೇತನವನ್ನೇ ನಂಬಿರುವ, 60 ವರ್ಷ ತುಂಬಿದ ನನಗೆ ಪ್ರತಿ ಮಾರ್ಚ್ ತಿಂಗಳಲ್ಲಿ ಲಕ್ಷ ರೂಪಾಯಿ ಹೊಂದಿಸುವುದು ಸಾಧ್ಯವಿಲ್ಲ. ಇದನ್ನು ರದ್ದತಿ ಪತ್ರದಲ್ಲಿಯೂ ತಿಳಿಸಿದ್ದೇನೆ.

ತಮ್ಮ ಇ-ಮೇಲ್‌ನ ಮೊದಲ ಆಕ್ಷೇಪ, ಎಸ್‌ಎಂಎಸ್ ಬಂದ ದಿನದಿಂದ 15 ದಿನಗಳೊಳಗೆ ಪಾಲಿಸಿ ಹಿಂದಿರುಗಿಸಬೇಕಿತ್ತು, ಆದ್ದರಿಂದ ನನ್ನ ಮನವಿ ತಡವಾಗಿದೆ ಎಂಬುದು. ಇದು ಹಳೆಯ ಲೆಕ್ಕ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಪಾಲಿಸಿದಾರರ ಹಿತರಕ್ಷಣೆಗಾಗಿ 2024ರಲ್ಲಿ ಹೊರಡಿಸಿರುವ ನಿಯಮಾವಳಿಯ ಪ್ರಕಾರ, ಪಾಲಿಸಿ ದಾಖಲೆ ಕಾಗದದ ರೂಪದಲ್ಲಿ ಬಂದಿರಲಿ, ಎಲೆಕ್ಟ್ರಾನಿಕ್ ರೂಪದಲ್ಲಿ ಬಂದಿರಲಿ, ಅದು ಪಾಲಿಸಿದಾರರಿಗೆ ತಲುಪಿದ ದಿನದಿಂದ 30 ದಿನಗಳು ಫ್ರೀ-ಲುಕ್ ಅವಧಿಯಾಗಿರುತ್ತದೆ. ತಾವೇ ಕಳುಹಿಸಿರುವ ಬಾಂಡ್‌ನ ಫ್ರೀ-ಲುಕ್ ಷರತ್ತಿನಲ್ಲಿಯೂ 30 ದಿನಗಳೆಂದೇ ಅಚ್ಚಾಗಿದೆ. ಆ ಪುಟದ ನಕಲನ್ನು ಲಗತ್ತಿಸಿದ್ದೇನೆ. ತಮ್ಮ ಇ-ಮೇಲ್ ತಮ್ಮದೇ ಬಾಂಡ್‌ಗೆ ವಿರುದ್ಧವಾಗಿ ಮಾತನಾಡುತ್ತಿರುವುದನ್ನು ದಯಮಾಡಿ ಗಮನಿಸಬೇಕು. ಬಾಂಡ್ ಕೈಸೇರಿದ ದಿನದಿಂದ ಎಣಿಸಿದರೆ ಅವಧಿ 19-04-2025ಕ್ಕೆ ಮುಗಿಯುತ್ತದೆ. ಎಸ್‌ಎಂಎಸ್ ಬಂದ ದಿನವನ್ನೇ ಹಿಡಿಯಬೇಕೆಂಬ ತಮ್ಮ ವಾದವನ್ನು ಒಪ್ಪಿಕೊಂಡರೂ ಅದು 14-04-2025ಕ್ಕೆ ಮುಗಿಯುತ್ತದೆ. ನಾನು ಪತ್ರ ಕೊಟ್ಟದ್ದು 04-04-2025ರಂದು. ಎರಡು ಲೆಕ್ಕಗಳಲ್ಲಿ ಯಾವುದನ್ನು ಹಿಡಿದರೂ ಮನವಿ ಅವಧಿಯೊಳಗೇ ಇದೆ. ಇಂದಿಗೆ ಆ 30 ದಿನಗಳು ಕಳೆದಿವೆ ಎಂಬುದನ್ನು ಮುಂದೊಂದು ದಿನ ನನ್ನ ವಿರುದ್ಧ ಬಳಸಲಾಗದು. ಲೆಕ್ಕಕ್ಕೆ ಬರುವುದು ಮನವಿ ತಮಗೆ ತಲುಪಿದ ದಿನವೇ ಹೊರತು ಅದನ್ನು ತಾವು ವಿಲೇವಾರಿ ಮಾಡುವ ದಿನವಲ್ಲ. ಇದೇ ಕಾರಣಕ್ಕೆ, ಹೊಸ ನಮೂನೆಯಲ್ಲಿ ಮತ್ತೆ ಅರ್ಜಿ ಕೊಡಿ ಎಂಬ ತಮ್ಮ ಸೂಚನೆಯಂತೆ ನಮೂನೆಯನ್ನು ತುಂಬಿ ಲಗತ್ತಿಸಿದ್ದರೂ, ಅದರ ಮೇಲ್ಭಾಗದಲ್ಲಿ ‘04-04-2025ರಂದು ಸಲ್ಲಿಸಿದ ಮನವಿಗೆ ಪೂರಕವಾಗಿ’ ಎಂದು ನಮೂದಿಸಿದ್ದೇನೆ. ಅದನ್ನು ಹೊಸ ಮನವಿಯೆಂದು ನೋಂದಾಯಿಸಬಾರದು.

ಎರಡನೆಯದಾಗಿ, ನಾನು ಕೊಟ್ಟ ಕಾರಣ ಸಮರ್ಪಕವಾಗಿಲ್ಲವೆಂದೂ, ಪ್ರೀಮಿಯಂ ಮೊತ್ತವನ್ನು ಕಡಿಮೆ ಮಾಡಿಕೊಂಡು ಅಥವಾ ಬೇರೆ ಯೋಜನೆಗೆ ಬದಲಾಯಿಸಿಕೊಂಡು ಮುಂದುವರಿಯಬಹುದೆಂದೂ ತಿಳಿಸಿದ್ದೀರಿ. ಪಾಲಿಸಿದಾರರು ಹೇಳಿದ ಕಾರಣ ಯಾವುದೇ ಇದ್ದರೂ ಅವರಿಗೆ ಪ್ರೀಮಿಯಂ ಮರುಪಾವತಿಯ ಹಕ್ಕಿದೆ ಎಂಬುದು ನಿಯಮದಲ್ಲಿಯೇ ಇದೆ. ಆದ್ದರಿಂದ ನನ್ನ ಕಾರಣದ ತೂಕವನ್ನು ಅಳೆಯುವ ಕೆಲಸ ತಮಗೆ ಬೇಡ. ಬೇರೆ ಯಾವ ಯೋಜನೆಯೂ ನನಗೆ ಬೇಕಿಲ್ಲ. ಈ ಬಗ್ಗೆ ದೂರವಾಣಿ ಕರೆ ಮಾಡಿ ಮನವೊಲಿಸುವ ಪ್ರಯತ್ನವನ್ನು ನಿಲ್ಲಿಸಲು ಸಂಬಂಧಪಟ್ಟವರಿಗೆ ತಿಳಿಸಬೇಕಾಗಿ ಕೋರುತ್ತೇನೆ. ಪಾಲಿಸಿಯನ್ನು ನನಗೆ ಯಾವ ರೀತಿಯಲ್ಲಿ ಮಾರಾಟ ಮಾಡಲಾಯಿತು ಎಂಬುದನ್ನು ತಾವು ವಿಚಾರಣೆ ಮಾಡುವುದಾದರೆ ನನ್ನ ಸಹಕಾರವಿದೆ; ಆದರೆ ಅದು ಪ್ರತ್ಯೇಕ ವಿಷಯ. ಆ ವಿಚಾರಣೆ ಮುಗಿಯುವವರೆಗೆ ಹಣವನ್ನು ತಡೆಹಿಡಿಯಲು ಅವಕಾಶವಿಲ್ಲ.

ಇನ್ನು ಕಡಿತಗಳ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ‘ಜಿಎಸ್‌ಟಿ ಹಾಗೂ ಪಾಲಿಸಿ ವಿತರಣಾ ವೆಚ್ಚಗಳನ್ನು ಕಳೆದು’ ಉಳಿದ ಹಣವನ್ನು ಕೊಡಲಾಗುವುದೆಂದು ಇ-ಮೇಲ್‌ನಲ್ಲಿ ಹೇಳಲಾಗಿದೆ. ಫ್ರೀ-ಲುಕ್ ರದ್ದತಿಯಲ್ಲಿ ವಿಮಾ ಕಂಪನಿ ಕಳೆಯಬಹುದಾದದ್ದು ಮೂರು ಬಾಬ್ತುಗಳನ್ನು ಮಾತ್ರ: ರಕ್ಷಣೆ ಜಾರಿಯಲ್ಲಿದ್ದ ದಿನಗಳಿಗೆ ಅನುಪಾತದ ರಿಸ್ಕ್ ಪ್ರೀಮಿಯಂ, ವೈದ್ಯಕೀಯ ತಪಾಸಣೆಗೆ ಕಂಪನಿ ಮಾಡಿದ ವೆಚ್ಚ ಮತ್ತು ಮುದ್ರಾಂಕ ಶುಲ್ಕ. ಇವುಗಳಲ್ಲಿ ತಪಾಸಣೆ ನಡೆದೇ ಇಲ್ಲವಾದ್ದರಿಂದ ಆ ಬಾಬ್ತು ಶೂನ್ಯ. ಮುದ್ರಾಂಕ ಶುಲ್ಕ ₹200 ಎಂದು ಬಾಂಡ್‌ನಲ್ಲಿಯೇ ಮುದ್ರಿತವಾಗಿದೆ. ₹10,00,000 ವಿಮಾ ಮೊತ್ತಕ್ಕೆ ಸಾವಿರಕ್ಕೆ 20 ಪೈಸೆಯಂತೆ ಅದು ಸರಿಯಾಗಿಯೇ ಇದೆ, ಅದಕ್ಕೆ ನನ್ನ ತಕರಾರಿಲ್ಲ. ರಿಸ್ಕ್ ಪ್ರೀಮಿಯಂ ಅನ್ನು 13-03-2025ರಿಂದ 04-04-2025ರವರೆಗಿನ 23 ದಿನಗಳಿಗೆ ಮಾತ್ರ ಲೆಕ್ಕ ಹಾಕಬೇಕು. ಅದರ ವಾರ್ಷಿಕ ದರ ಎಷ್ಟು, 23 ದಿನಕ್ಕೆ ಎಷ್ಟಾಯಿತು ಎಂಬುದನ್ನು ಲಿಖಿತವಾಗಿ ತೋರಿಸಬೇಕು. ಮನವಿಯ ನಂತರ ತಾವು ಮಾಡಿದ ವಿಳಂಬದ ದಿನಗಳನ್ನು ಅದಕ್ಕೆ ಸೇರಿಸಬಾರದು. ಮಧ್ಯವರ್ತಿಗೆ ಕೊಟ್ಟ ಕಮಿಷನ್, ಬಾಂಡ್ ಮುದ್ರಣ, ಅಂಚೆ, ಕಚೇರಿ ವೆಚ್ಚ ಮುಂತಾದವು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಜಿಎಸ್‌ಟಿಯೂ ಸೇರುವುದಿಲ್ಲ. ಪ್ರೀಮಿಯಂ ಹಿಂದಿರುಗಿಸಿದ ಮೇಲೆ ಅದರ ಮೇಲಿನ ತೆರಿಗೆಯನ್ನು ಕ್ರೆಡಿಟ್ ನೋಟ್ ಮೂಲಕ ಸರಿಹೊಂದಿಸಿಕೊಳ್ಳಲು ಜಿಎಸ್‌ಟಿ ಕಾನೂನಿನ 34ನೇ ಕಲಂನಲ್ಲಿ ತಮಗೆ ದಾರಿಯಿದೆ. ನನ್ನಿಂದ ಪಡೆದ ₹4,500 ಅನ್ನು ಉಳಿಸಿಕೊಳ್ಳುವುದಕ್ಕೆ ಆಧಾರವಿಲ್ಲ.

ಇದು ಸರೆಂಡರ್ ಅಲ್ಲವೆಂಬುದನ್ನೂ ಸ್ಪಷ್ಟಪಡಿಸುತ್ತೇನೆ. ಇ-ಮೇಲ್‌ನ ಕೊನೆಯಲ್ಲಿ ‘ಸರೆಂಡರ್ ಮನವಿ’ ಎಂಬ ಪದಗಳಿವೆ. ಸರೆಂಡರ್ ಎಂದು ದಾಖಲಾದರೆ ಲೆಕ್ಕಾಚಾರವೇ ಬೇರೆಯಾಗುತ್ತದೆ. ಹೀಗಾಗಿ ತಮ್ಮ ಕಂಪ್ಯೂಟರಿನಲ್ಲಿ ಮನವಿ ಯಾವ ಶೀರ್ಷಿಕೆಯಲ್ಲಿ ನೋಂದಣಿಯಾಗಿದೆ ಎಂಬುದನ್ನು ಪರಿಶೀಲಿಸಿ, ತಪ್ಪಿದ್ದರೆ ‘ಫ್ರೀ-ಲುಕ್ ರದ್ದತಿ’ ಎಂದು ತಿದ್ದಬೇಕು.

ಹಣವನ್ನು ಪ್ರೀಮಿಯಂ ಕಡಿತವಾದ ಅದೇ ಉಳಿತಾಯ ಖಾತೆಗೆ ಎನ್‌ಇಎಫ್‌ಟಿ ಮೂಲಕ ಜಮೆ ಮಾಡಬೇಕು. ಖಾತೆಯ ಕೊನೆಯ ನಾಲ್ಕು ಅಂಕಿಗಳು 3862. ರದ್ದುಪಡಿಸಿದ ಚೆಕ್ಕಿನ ಹಾಳೆಯನ್ನು ಲಗತ್ತಿಸಿದ್ದೇನೆ. ಮುಂದಿನ ವರ್ಷಗಳ ಪ್ರೀಮಿಯಂಗಾಗಿ ಅದೇ ಖಾತೆಯ ಮೇಲೆ ತಾವು ಪಡೆದಿರುವ ಆಟೋ-ಡೆಬಿಟ್ ಮ್ಯಾಂಡೇಟ್ ಅನ್ನು ರದ್ದುಪಡಿಸಿ, ರದ್ದಾದ ಬಗ್ಗೆ ಲಿಖಿತವಾಗಿ ತಿಳಿಸಬೇಕು. ಪಾಲಿಸಿ ಆರಂಭದಿಂದಲೇ ರದ್ದಾಗಿದೆ ಎಂಬ ಪತ್ರವನ್ನೂ, ಕಡಿತಗಳ ವಿವರಪಟ್ಟಿಯನ್ನೂ ಕಳುಹಿಸಬೇಕು. ಪ್ರೀಮಿಯಂ ಕಟ್ಟಿದ್ದು 2024-25ರ ಹಣಕಾಸು ವರ್ಷದಲ್ಲಿ. ಈ ಮೊತ್ತಕ್ಕೆ 80ಸಿ ಅಡಿಯಲ್ಲಿ ನಾನು ವಿನಾಯಿತಿ ಕೇಳುವುದಿಲ್ಲವಾದ್ದರಿಂದ ರಿಟರ್ನ್ ಸಲ್ಲಿಸುವ ಮೊದಲು ಆ ಪತ್ರ ನನ್ನ ಬಳಿ ಇರಬೇಕಾಗಿದೆ. ಉತ್ತರಗಳನ್ನು ಕನ್ನಡದಲ್ಲಿ ಬರೆದರೆ ಅನುಕೂಲ.

ಆದ್ದರಿಂದ, ₹1,04,500ರಲ್ಲಿ ಮುದ್ರಾಂಕ ಶುಲ್ಕ ₹200 ಮತ್ತು 23 ದಿನಗಳ ರಿಸ್ಕ್ ಪ್ರೀಮಿಯಂ ಮಾತ್ರ ಕಳೆದು, ಉಳಿದ ಹಣವನ್ನು 11-04-2025ರ ನಂತರದ ವಿಳಂಬಕ್ಕೆ ನಿಯಮಾನುಸಾರ ಸಲ್ಲಬೇಕಾದ ಬಡ್ಡಿಯೊಂದಿಗೆ 28-04-2025ರೊಳಗೆ ಜಮೆ ಮಾಡಬೇಕೆಂದು ಕೋರುತ್ತೇನೆ. ಈ ಪತ್ರದ ಪ್ರತಿಯನ್ನು ತಮ್ಮ ಕಂಪನಿಯ ಕುಂದುಕೊರತೆ ನಿವಾರಣಾ ಅಧಿಕಾರಿಗಳಿಗೂ ಕಳುಹಿಸಿ, ದೂರು ಎಂದು ದಾಖಲಿಸಲು ಕೇಳಿದ್ದೇನೆ. ಆ ದಿನಾಂಕದೊಳಗೆ ಹಣ ಬಾರದಿದ್ದಲ್ಲಿ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ನೋಂದಾಯಿಸುತ್ತೇನೆ. ಕಂಪನಿಯಿಂದ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರ ಮುಂದೆ ಹೋಗುತ್ತೇನೆ. ಆ ಹಂತಕ್ಕೆ ಹೋಗುವಷ್ಟು ಜಟಿಲವಾದ ವಿಷಯ ಇದಲ್ಲ ಎಂಬುದು ನನ್ನ ಅಭಿಪ್ರಾಯ. ಸ್ವೀಕೃತಿ ಮುದ್ರೆಯ ದಿನಾಂಕ ಮತ್ತು ಬಾಂಡ್‌ನ ಒಂದು ಪುಟವನ್ನು ಜೊತೆಯಲ್ಲಿಟ್ಟು ನೋಡಿದರೆ ತಮ್ಮ ಮೇಜಿನಲ್ಲಿಯೇ ತೀರ್ಮಾನವಾಗುವಂಥದ್ದು.

ಈ ಪತ್ರದ ಎರಡನೆಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿ, ದೂರಿನ ನೋಂದಣಿ ಸಂಖ್ಯೆಯನ್ನು ಬರೆದು ಪತ್ರ ತಂದವರ ಕೈಯಲ್ಲಿ ಕೊಡಬೇಕಾಗಿ ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಎಂ. ಕೆ. ಸರೋಜಮ್ಮ

ಲಗತ್ತುಗಳು:
1. 04-04-2025ರ ರದ್ದತಿ ಪತ್ರದ ನಕಲು, ಸ್ವೀಕೃತಿ ಮುದ್ರೆ ಸಹಿತ
2. ಬಾಂಡ್‌ನ ಷೆಡ್ಯೂಲ್ ಹಾಗೂ ಫ್ರೀ-ಲುಕ್ ಷರತ್ತಿನ ಪುಟಗಳ ನಕಲು
3. ಸ್ಪೀಡ್ ಪೋಸ್ಟ್ ಲಕೋಟೆಯ ನಕಲು ಮತ್ತು 20-03-2025ರ ಬಟವಾಡೆಯ ವಿವರ
4. ₹1,04,500 ಪಾವತಿಯ ರಸೀದಿ ಮತ್ತು ಪಾಸ್‌ಬುಕ್ ಪುಟದ ನಕಲು
5. 15-04-2025ರ ಇ-ಮೇಲ್‌ನ ಮುದ್ರಿತ ಪ್ರತಿ
6. ತಾವು ಸೂಚಿಸಿದ ನಮೂನೆ, ತುಂಬಿ ಸಹಿ ಮಾಡಿದ್ದು
7. ರದ್ದುಪಡಿಸಿದ ಚೆಕ್ ಹಾಗೂ ಪ್ಯಾನ್ ಕಾರ್ಡಿನ ಸ್ವಯಂ ದೃಢೀಕೃತ ನಕಲು

ಪ್ರತಿ: ಕುಂದುಕೊರತೆ ನಿವಾರಣಾ ಅಧಿಕಾರಿಗಳು, ಕಂಪನಿಯ ಕೇಂದ್ರ ಕಚೇರಿ – ನೋಂದಾಯಿತ ಅಂಚೆ ಮೂಲಕ