ಬೇಡಿಕೆ ಇದ್ದೂ ಸೋತ ಕಾರು: ಟಾಟಾ ನ್ಯಾನೊ ಪ್ರಕರಣದ ವಿಮರ್ಶಾತ್ಮಕ ವಿಶ್ಲೇಷಣೆ

ಎಂ.ಬಿ.ಎ. ಎರಡನೆಯ ಸೆಮಿಸ್ಟರ್
ವಿಷಯ: ಮಾರುಕಟ್ಟೆ ನಿರ್ವಹಣೆ, ನಿಯೋಜನೆ 2

ಪ್ರಶ್ನೆ: ಭಾರತೀಯ ಕಂಪನಿಯೊಂದರ ಉತ್ಪನ್ನ ಬಿಡುಗಡೆಯು ವಿಫಲವಾದ ಪ್ರಕರಣವನ್ನು ಆಯ್ದುಕೊಂಡು, ವೈಫಲ್ಯದ ಕಾರಣಗಳನ್ನು ವಿಮರ್ಶಾತ್ಮಕವಾಗಿ ವಿಶ್ಲೇಷಿಸಿ. ಕಂಪನಿಯ ಆಡಳಿತವು ಅಂದೇ ಕೈಗೊಳ್ಳಬಹುದಾಗಿದ್ದ ಕ್ರಮಗಳನ್ನು ಕ್ರಮಬದ್ಧವಾಗಿ ಶಿಫಾರಸು ಮಾಡಿ.

ಪ್ರಕರಣದ ಹಿನ್ನೆಲೆ

ಟಾಟಾ ಮೋಟಾರ್ಸ್ ಕಂಪನಿಯು 2008ರ ಜನವರಿ 10ರಂದು ದೆಹಲಿಯ ಆಟೊ ಎಕ್ಸ್‌ಪೋದಲ್ಲಿ ನ್ಯಾನೊ ಕಾರನ್ನು ಅನಾವರಣಗೊಳಿಸಿತು. ಗಂಡ, ಹೆಂಡತಿ, ಮಕ್ಕಳು ಒಂದೇ ಸ್ಕೂಟರಿನಲ್ಲಿ ಅಪಾಯಕಾರಿಯಾಗಿ ಸಂಚರಿಸುವುದನ್ನು ಮತ್ತೆ ಮತ್ತೆ ಕಂಡದ್ದೇ ಈ ಯೋಜನೆಗೆ ಪ್ರೇರಣೆ ಎಂದು ರತನ್ ಟಾಟಾ ಹೇಳುತ್ತಿದ್ದರು. ಒಂದು ಲಕ್ಷ ರೂಪಾಯಿಯ ಕಾರು ಎಂಬ ಮಾತು ಆ ದಿನವೇ ದೇಶದಾದ್ಯಂತ ಹರಡಿತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ನಿರ್ಮಾಣವಾಗುತ್ತಿದ್ದ ಕಾರ್ಖಾನೆಯನ್ನು ಭೂಸ್ವಾಧೀನ ವಿರೋಧಿ ಚಳವಳಿಯ ಕಾರಣದಿಂದ 2008ರ ಅಕ್ಟೋಬರ್‌ನಲ್ಲಿ ಕೈಬಿಟ್ಟು, ಗುಜರಾತಿನ ಸಾನಂದಕ್ಕೆ ಸ್ಥಳಾಂತರಿಸಬೇಕಾಯಿತು. ಸಾನಂದದ ಕಾರ್ಖಾನೆ 2010ರ ಜೂನ್‌ನಲ್ಲಿ ಉದ್ಘಾಟನೆಯಾಗುವವರೆಗೆ ಉತ್ತರಾಖಂಡದ ಪಂತನಗರದಲ್ಲಿ ಸೀಮಿತ ಪ್ರಮಾಣದ ಉತ್ಪಾದನೆ ನಡೆಯಿತು.

ಮಾರಾಟಕ್ಕೆ ಬಿಡುಗಡೆಯಾದದ್ದು 2009ರ ಮಾರ್ಚ್ 23ರಂದು. ಏಪ್ರಿಲ್ 9ರಿಂದ 25ರವರೆಗೆ ಬುಕಿಂಗ್ ತೆರೆದಿತ್ತು. ಅರ್ಜಿ ನಮೂನೆಗೇ ಮುನ್ನೂರು ರೂಪಾಯಿ ಬೆಲೆ ಇದ್ದರೂ ಎರಡು ಲಕ್ಷಕ್ಕೂ ಹೆಚ್ಚು ಬುಕಿಂಗ್ ಬಂದವು. ಸುಮಾರು 2,500 ಕೋಟಿ ರೂಪಾಯಿ ಸಂಗ್ರಹವಾಯಿತು. ಅಷ್ಟು ಕಾರು ತಯಾರಿಸುವ ಸಾಮರ್ಥ್ಯ ಇಲ್ಲದ ಕಾರಣ ಮೊದಲ ಒಂದು ಲಕ್ಷ ಗ್ರಾಹಕರನ್ನು ಲಾಟರಿಯ ಮೂಲಕ ಆರಿಸಲಾಯಿತು. ಹೀಗೆ ಆರಂಭವಾದ ಕಾರಿನ ಮಾರಾಟ 2010ರ ನವೆಂಬರ್ ತಿಂಗಳಲ್ಲಿ ಇಡೀ ದೇಶದಲ್ಲಿ 509ಕ್ಕೆ ಕುಸಿಯಿತು. 2018ರ ಜೂನ್‌ನಲ್ಲಿ ಕಾರ್ಖಾನೆಯಿಂದ ಹೊರಬಂದದ್ದು ಒಂದೇ ಒಂದು ಕಾರು.

ಸಮಸ್ಯೆಯ ನಿರೂಪಣೆ

ಈ ಪ್ರಕರಣವನ್ನು ಚರ್ಚಿಸುವಾಗ ಸಾಮಾನ್ಯವಾಗಿ ಸಿಂಗೂರಿನ ವಿವಾದವನ್ನೇ ಮುಖ್ಯ ಕಾರಣವೆಂದು ಮುಂದಿಡಲಾಗುತ್ತದೆ. ಈ ವಿವರಣೆ ಅಪೂರ್ಣವೆಂಬುದು ನನ್ನ ಅಭಿಪ್ರಾಯ. ಸ್ಥಳಾಂತರದಿಂದ ವಿಳಂಬವಾಯಿತು, ವೆಚ್ಚ ಏರಿತು, ಕಾದು ಬೇಸತ್ತವರು ಬುಕಿಂಗ್ ಹಿಂಪಡೆದರು ಎಂಬುದನ್ನು ಒಪ್ಪಬೇಕು. ಆದರೆ ವರ್ಷಕ್ಕೆ ಎರಡೂವರೆ ಲಕ್ಷ ಕಾರು ತಯಾರಿಸಬಲ್ಲ ಸಾನಂದ ಘಟಕ ಕೆಲಸ ಆರಂಭಿಸಿ ಐದು ತಿಂಗಳಾದ ಮೇಲೆಯೇ ಮಾರಾಟ 509ಕ್ಕೆ ಇಳಿಯಿತು. ಅಂದರೆ ಕಾರು ಸಿಗುವ ಹೊತ್ತಿಗೆ ಕೊಳ್ಳುವವರು ಇರಲಿಲ್ಲ. ಪೂರೈಕೆಯ ಕೊರತೆಯೊಂದರಿಂದಲೇ ಇದನ್ನು ವಿವರಿಸಲಾಗದು.

ಸ್ಕೂಟರ್ ಕುಟುಂಬದ ಸುರಕ್ಷತೆಗಾಗಿ ಕಲ್ಪಿಸಿದ ಕಾರನ್ನು ಕಂಪನಿಯು ಬೆಲೆಯ ಹೆಸರಿನಲ್ಲಿ ಮಾರಿತು, ಮತ್ತು ಗ್ರಾಹಕರಿಗೆ ಬೇಕಾದದ್ದು ಅತಿ ಅಗ್ಗದ ಕಾರಲ್ಲ ಎಂಬ ಸಂಗತಿ ತನ್ನದೇ ಬುಕಿಂಗ್ ಅರ್ಜಿಗಳಲ್ಲಿ ಕಾಣುತ್ತಿದ್ದರೂ ಆ ಪ್ರಕಾರ ಯೋಜನೆಯನ್ನು ತಿದ್ದಲಿಲ್ಲ ಎಂಬುದು ಈ ಉತ್ತರದ ವಾದ.

ವಿಶ್ಲೇಷಣೆ

*ಅರ್ಜಿಗಳು ಹೇಳಿದ್ದೇನು?*

ಬುಕಿಂಗ್ ಮುಗಿದ ಮೇಲೆ ಕಂಪನಿಯೇ ಪ್ರಕಟಿಸಿದ ವಿವರದಂತೆ, ಎಸಿ ಇಲ್ಲದ ಮೂಲ ಮಾದರಿಯನ್ನು ಕೇಳಿದವರು ಶೇ. 20ರಷ್ಟು ಮಾತ್ರ. ಮಧ್ಯಮ ಮಾದರಿಯಾದ ಸಿಎಕ್ಸ್‌ಗೆ ಶೇ. 30, ಎಲ್ಲಕ್ಕಿಂತ ದುಬಾರಿಯಾದ ಎಲ್‌ಎಕ್ಸ್ ಮಾದರಿಗೆ ಶೇ. 50ರಷ್ಟು ಬೇಡಿಕೆ ಬಂದಿತ್ತು. ಒಂದು ಲಕ್ಷದ ಕಾರು ಎಂಬ ಪ್ರಚಾರವನ್ನು ಕೇಳಿ ಬಂದವರಲ್ಲಿ ಐವರಲ್ಲಿ ನಾಲ್ವರು ಆ ಒಂದು ಲಕ್ಷದ ಮಾದರಿಯನ್ನೇ ಬಿಟ್ಟು, ಹೆಚ್ಚು ಹಣ ಕೊಟ್ಟು ಮೇಲಿನ ಮಾದರಿಯನ್ನು ಆರಿಸಿದ್ದರು. ಈ ಪ್ರಕರಣದಲ್ಲಿ ಇದಕ್ಕಿಂತ ಮಹತ್ವದ ಮಾಹಿತಿ ಬೇರೊಂದಿಲ್ಲ ಎಂದು ನಾನು ಭಾವಿಸುತ್ತೇನೆ.

ಇದನ್ನು ಎರಡು ರೀತಿಯಲ್ಲಿ ಅರ್ಥೈಸಬಹುದು. ಬುಕಿಂಗ್ ಮಾಡಿದವರಲ್ಲಿ ಹೆಚ್ಚಿನವರು ಮನೆಗೆ ಎರಡನೆಯ ಕಾರು ಬಯಸಿದ ನಗರವಾಸಿಗಳಾಗಿದ್ದರೆ, ಕಂಪನಿ ಕಲ್ಪಿಸಿಕೊಂಡ ಗ್ರಾಹಕವರ್ಗವೇ ಬೇರೆ, ಬಂದ ಗ್ರಾಹಕರೇ ಬೇರೆ ಎಂದಾಗುತ್ತದೆ. ಅವರು ನಿಜವಾಗಿಯೂ ಸ್ಕೂಟರ್ ಬಿಟ್ಟು ಬರುವ ಕುಟುಂಬಗಳಾಗಿದ್ದರೆ, ಜೀವನದ ಮೊದಲ ಕಾರನ್ನು ಕೊಳ್ಳುವವನು ನಾಲ್ಕು ಜನರೆದುರು ತಲೆ ಎತ್ತಿ ನಿಲ್ಲಿಸಬಹುದಾದ ಕಾರನ್ನೇ ಬಯಸುತ್ತಾನೆ ಎಂದಾಗುತ್ತದೆ. ಯಾವ ಅರ್ಥವನ್ನು ಒಪ್ಪಿದರೂ, ಕಡಿಮೆ ಬೆಲೆಯನ್ನು ಉತ್ಪನ್ನದ ಗುರುತನ್ನಾಗಿ ಮಾಡಿದ್ದು ತಪ್ಪು ನಿರ್ಧಾರವೆಂದೇ ತೀರ್ಮಾನಿಸಬೇಕಾಗುತ್ತದೆ. ಕೈಗೆಟುಕುವ ಕಾರು ಎಂದು ಬಿಂಬಿಸಬೇಕಾಗಿದ್ದುದನ್ನು ಅತಿ ಅಗ್ಗದ ಕಾರೆಂದು ಬಿಂಬಿಸಿದ್ದರಿಂದ ಅದಕ್ಕೆ ಕಳಂಕ ಅಂಟಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು.

*ವೆಚ್ಚ ಕಡಿತ ಎಲ್ಲಿ ಕಣ್ಣಿಗೆ ಬಿತ್ತು?*

ನ್ಯಾನೊದ ತಾಂತ್ರಿಕ ಸಾಧನೆಯನ್ನು ಕಡೆಗಣಿಸುವುದು ಅನ್ಯಾಯವಾಗುತ್ತದೆ. ಕೇವಲ 3.1 ಮೀಟರ್ ಉದ್ದದ ದೇಹದಲ್ಲಿ ನಾಲ್ಕು ಜನ ಆರಾಮವಾಗಿ ಕೂರುವಷ್ಟು ಜಾಗ ಮಾಡಿ, ಎರಡು ಸಿಲಿಂಡರಿನ 624 ಸಿಸಿ ಎಂಜಿನ್ನನ್ನು ಹಿಂಭಾಗದಲ್ಲಿ ಅಳವಡಿಸಿದ್ದು ಸಣ್ಣ ಕೆಲಸವಲ್ಲ. ತೊಂದರೆ ಇದ್ದದ್ದು ಗ್ರಾಹಕನ ಕಣ್ಣಿಗೂ ಕೈಗೂ ದಿನನಿತ್ಯ ತಾಗುವ ಕಡೆಗಳಲ್ಲಿ. ಪೆಟ್ರೋಲ್ ಬಂಕಿನಲ್ಲಿ ಇಂಧನ ಹಾಕಿಸಬೇಕಾದರೆ ಮುಂದಿನ ಬಾನೆಟ್ ಎತ್ತಬೇಕಿತ್ತು. ಹಿಂಬದಿಯ ಡಿಕ್ಕಿ ಹೊರಗಿನಿಂದ ತೆರೆಯುತ್ತಿರಲಿಲ್ಲವಾದ್ದರಿಂದ ಬ್ಯಾಗ್ ಇಡಲು ಹಿಂದಿನ ಸೀಟನ್ನು ಮಡಚಬೇಕಿತ್ತು. ಚಕ್ರಕ್ಕೆ ನಾಲ್ಕರ ಬದಲು ಮೂರು ನಟ್, ಗಾಜಿಗೆ ಒಂದೇ ವೈಪರ್ ಇದ್ದವು. ಇವುಗಳಲ್ಲಿ ಹಲವು ಎಂಜಿನಿಯರಿಂಗ್ ದೃಷ್ಟಿಯಿಂದ ಸಮರ್ಥನೀಯವೇ ಹೌದು. ಆದರೆ ಪಕ್ಕದಲ್ಲಿ ನಿಂತ ನೆರೆಯವನಿಗೆ ಅವು ಉಳಿತಾಯದ ಗುರುತುಗಳಾಗಿಯೇ ಕಾಣುತ್ತಿದ್ದವು. ಹೊರಗಿನಿಂದ ತೆರೆಯುವ ಡಿಕ್ಕಿ ಬಂದದ್ದು 2015ರ ಜೆನ್‌ಎಕ್ಸ್ ಮಾದರಿಯಲ್ಲಿ, ಅಂದರೆ ಬಿಡುಗಡೆಯಾಗಿ ಆರು ವರ್ಷಗಳ ಮೇಲೆ.

*ಸುರಕ್ಷತೆಯ ಭರವಸೆ*

2010ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಷೋರೂಮಿನಿಂದ ಮನೆಗೆ ಒಯ್ಯುತ್ತಿದ್ದ ಹೊಸ ನ್ಯಾನೊ ದಾರಿಯಲ್ಲೇ ಹೊತ್ತಿಕೊಂಡಿತು. ಇಂತಹ ಬೇರೆ ಘಟನೆಗಳೂ ವರದಿಯಾದವು. ವಿನ್ಯಾಸದಲ್ಲಿ ದೋಷವಿಲ್ಲವೆಂದು ಹೇಳುತ್ತಲೇ ಕಂಪನಿಯು ಅದೇ ವರ್ಷದ ನವೆಂಬರ್‌ನಲ್ಲಿ ಉಚಿತವಾಗಿ ಹೆಚ್ಚುವರಿ ರಕ್ಷಣಾ ಭಾಗಗಳನ್ನು ಅಳವಡಿಸಿಕೊಡಲು ಮುಂದಾಯಿತು, ಆದರೆ ಅದನ್ನು ಕಾರುಗಳ ಹಿಂಪಡೆತವೆಂದು ಕರೆಯಲು ಒಪ್ಪಲಿಲ್ಲ. ಬೇರೆ ಕಾರಿಗಾದರೆ ಇದು ಪ್ರಚಾರದ ಹಿನ್ನಡೆ ಮಾತ್ರವಾಗುತ್ತಿತ್ತು. ಸ್ಕೂಟರಿಗಿಂತ ಸುರಕ್ಷಿತ ಎಂಬುದೇ ಹುಟ್ಟಿನ ಕಾರಣವಾಗಿದ್ದ ಕಾರಿಗೆ ಇದು ಮೂಲಕ್ಕೇ ಬಿದ್ದ ಪೆಟ್ಟು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ನ್ಯಾನೊ ಸೊನ್ನೆ ತಾರೆ ಪಡೆಯಿತು. ಆ ಸುತ್ತಿನಲ್ಲಿ ಇತರ ಜನಪ್ರಿಯ ಸಣ್ಣ ಕಾರುಗಳೂ ಸೊನ್ನೆಯನ್ನೇ ಪಡೆದಿದ್ದವೆಂಬುದು ನಿಜವಾದರೂ, ಅವು ಸುರಕ್ಷತೆಯ ಕನಸನ್ನು ಮುಂದಿಟ್ಟು ಬಂದವುಗಳಲ್ಲ.

*ಹಣಕಾಸು ಮತ್ತು ಮಾರಾಟ ಜಾಲ*

ಕಾರೊಂದರ ಮೇಲಿನ ಲಾಭ ಅತ್ಯಲ್ಪವಾಗಿರುವಾಗ ಬೃಹತ್ ಸಂಖ್ಯೆಯ ಮಾರಾಟವಿಲ್ಲದೆ ಕಾರ್ಖಾನೆಯ ಸ್ಥಿರ ವೆಚ್ಚವನ್ನು ಭರಿಸಲಾಗದು. ನ್ಯಾನೊ ಅತಿ ಹೆಚ್ಚು ಮಾರಾಟವಾದ 2011-12ರಲ್ಲಿಯೂ ಸಂಖ್ಯೆ 74,500ರ ಆಸುಪಾಸಿನಲ್ಲಿತ್ತು. ಇದು ಸಾನಂದದ ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ವೆಚ್ಚ ಯಾವಾಗಲೂ ಒಂದು ಲಕ್ಷಕ್ಕಿಂತ ಮೇಲೆಯೇ ಇತ್ತೆಂದೂ, ನಷ್ಟವು ಒಂದು ಹಂತದಲ್ಲಿ 1,000 ಕೋಟಿ ರೂಪಾಯಿ ಮುಟ್ಟಿತ್ತೆಂದೂ ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ತೆಗೆದುಹಾಕಲ್ಪಟ್ಟ ಸೈರಸ್ ಮಿಸ್ತ್ರಿ 2016ರಲ್ಲಿ ಆ ಸಂಸ್ಥೆಯ ಆಡಳಿತ ಮಂಡಳಿಗೆ ಕಳಿಸಿದ ಪತ್ರದಲ್ಲಿ ಬರೆದರು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. 2010ರ ಕೊನೆಯಲ್ಲಿ ಕಂಪನಿಯು ನಾಲ್ಕು ವರ್ಷದ ವಾರಂಟಿ ಘೋಷಿಸಿ, ಕಾರಿನ ಬೆಲೆಯ ಬಹುಪಾಲಿಗೆ ಸುಲಭ ಸಾಲ ಒದಗಿಸಿ, ಟಿ.ವಿ. ಜಾಹೀರಾತು ಆರಂಭಿಸಿದಾಗ ಡಿಸೆಂಬರ್ ತಿಂಗಳ ಮಾರಾಟ ಐದು ಸಾವಿರ ದಾಟಿತು. 2011ರ ಏಪ್ರಿಲ್‌ನಲ್ಲಿ ಹತ್ತು ಸಾವಿರವನ್ನು ಮುಟ್ಟಿತು. ಬೇಡಿಕೆ ಸತ್ತಿರಲಿಲ್ಲ, ಗ್ರಾಹಕನಿಗೂ ಕಾರಿಗೂ ನಡುವೆ ಸಾಲ ಮತ್ತು ವಿಶ್ವಾಸದ ತಡೆಗಳಿದ್ದವು ಎಂಬುದಕ್ಕೆ ಇದು ಸಾಕ್ಷಿ. ಸಂಬಳದ ಚೀಟಿಯಿಲ್ಲದ ಅಂಗಡಿಕಾರ, ಕೃಷಿಕ, ಮೆಕ್ಯಾನಿಕ್ ಇವರಿಗೆ ಸ್ಕೂಟರಿನ ಸಾಲ ಸಿಗುವಷ್ಟು ಸಲೀಸಾಗಿ ಕಾರಿನ ಸಾಲ ಸಿಗುವುದಿಲ್ಲ. ಈ ಕ್ರಮಗಳು ಬಿಡುಗಡೆಯ ದಿನವೇ ಸಿದ್ಧವಿರಬೇಕಾಗಿತ್ತು.

ಶಿಫಾರಸುಗಳು

ನಡೆದುಹೋದ ಮೇಲೆ ಸಲಹೆ ನೀಡುವುದು ಸುಲಭ. ಆದ್ದರಿಂದ ಮೊದಲ ಮೂರು ಶಿಫಾರಸುಗಳನ್ನು, ಬುಕಿಂಗ್ ಅರ್ಜಿಗಳು ಕೈಸೇರಿದ್ದ 2009ರ ಮೇ ತಿಂಗಳಲ್ಲಿ ಕಂಪನಿಗೆ ಲಭ್ಯವಿದ್ದ ಮಾಹಿತಿಗೆ ಸೀಮಿತಗೊಳಿಸಿದ್ದೇನೆ.

1. ಗುರುತಿನ ಬದಲಾವಣೆ (ತಕ್ಷಣ, ಹೊಣೆ: ಮಾರುಕಟ್ಟೆ ವಿಭಾಗ). ಒಂದು ಲಕ್ಷದ ಕಾರು ಎಂಬ ಮಾತನ್ನು ಕಂಪನಿಯ ಎಲ್ಲ ಪ್ರಚಾರದಿಂದ ತೆಗೆದುಹಾಕಬೇಕು. ಪ್ರಚಾರದ ಮುಖವಾಗಿ ಎಲ್‌ಎಕ್ಸ್ ಮಾದರಿಯನ್ನು ನಿಲ್ಲಿಸಿ, ಮಳೆಯಲ್ಲೂ ಬಿಸಿಲಲ್ಲೂ ಇಡೀ ಕುಟುಂಬ ಒಟ್ಟಿಗೆ ಹೋಗುವ ಕಾರು ಎಂಬ ಮೂಲ ಆಶಯಕ್ಕೆ ಮರಳಬೇಕು. ಮೂಲ ಮಾದರಿಯನ್ನು ಕೈಬಿಡಬೇಕಾಗಿಲ್ಲ. ಕೊಟ್ಟ ಮಾತಿಗೆ ಬದ್ಧವಾಗಿ ಅದನ್ನು ಮಾರಾಟದಲ್ಲಿ ಉಳಿಸಿಕೊಳ್ಳಬೇಕು. ಬೆಲೆಯ ಸುದ್ದಿ ಮಾಧ್ಯಮಗಳಲ್ಲಿ ಆಗಲೇ ಬೇರೂರಿದ್ದರಿಂದ ಈ ಬದಲಾವಣೆಗೆ ಸಮಯ ಹಿಡಿಯುತ್ತದೆಂಬುದು ಇದರ ಮಿತಿ.

2. ಕಣ್ಣಿಗೆ ಬೀಳುವ ಕೊರತೆಗಳ ನಿವಾರಣೆ (ಹದಿನೆಂಟು ತಿಂಗಳೊಳಗೆ, ಹೊಣೆ: ವಿನ್ಯಾಸ ವಿಭಾಗ). ಹೊರಗಿನಿಂದ ತೆರೆಯುವ ಡಿಕ್ಕಿ ಮತ್ತು ಪಕ್ಕದಿಂದ ಇಂಧನ ತುಂಬುವ ವ್ಯವಸ್ಥೆಯನ್ನು ಮೇಲಿನ ಎರಡು ಮಾದರಿಗಳಿಗಾದರೂ ಅಳವಡಿಸಿ, ವೆಚ್ಚವನ್ನು ಆ ಮಾದರಿಗಳ ಬೆಲೆಗೆ ಸೇರಿಸಬೇಕು. ಶೇ. 80ರಷ್ಟು ಅರ್ಜಿದಾರರು ಹೆಚ್ಚುವರಿ ಹಣ ಕೊಡಲು ಸಿದ್ಧರಿದ್ದರೆಂಬುದು ಇದಕ್ಕೆ ಆಧಾರ. ದೇಹದ ಹಿಂಭಾಗವನ್ನು ಮರುವಿನ್ಯಾಸಗೊಳಿಸಬೇಕಾಗಿ ಬರುವುದರಿಂದ ಶಿಫಾರಸುಗಳಲ್ಲೆಲ್ಲ ಇದೇ ದುಬಾರಿಯಾದದ್ದು. ಆದರೂ ಆರು ವರ್ಷ ಕಾಯುವುದಕ್ಕಿಂತ ಇದು ಲಾಭಕರ.

3. ಸಾಲ ಮತ್ತು ಮಾರಾಟ (ಸಾನಂದ ಘಟಕ ಆರಂಭವಾಗುವ ಮುನ್ನ, ಹೊಣೆ: ಹಣಕಾಸು ಮತ್ತು ಮಾರಾಟ ವಿಭಾಗ). ಸಂಬಳದ ದಾಖಲೆ ಇಲ್ಲದವರಿಗೆ ಕಂಪನಿಯ ಸ್ವಂತ ಹಣಕಾಸು ಸಂಸ್ಥೆಯಿಂದ, ದ್ವಿಚಕ್ರ ವಾಹನದ ಹಳೆಯ ಕಂತುಗಳ ಪಾವತಿಯನ್ನೇ ಅರ್ಹತೆಯ ಆಧಾರವಾಗಿಟ್ಟುಕೊಂಡು ಸಾಲ ಒದಗಿಸಬೇಕು. ಹಳೆಯ ಸ್ಕೂಟರನ್ನು ವಿನಿಮಯಕ್ಕೆ ತೆಗೆದುಕೊಳ್ಳಬೇಕು. ತಾಲ್ಲೂಕು ಕೇಂದ್ರಗಳಲ್ಲಿ ಒಂದೆರಡು ಕಾರು ನಿಲ್ಲಿಸುವಷ್ಟು ಜಾಗದ ಚಿಕ್ಕ ಮಳಿಗೆಗಳನ್ನು ತೆರೆದು, ಅಲ್ಲೇ ಚಾಲನಾ ತರಬೇತಿಯನ್ನೂ ಕೊಡಬೇಕು, ಏಕೆಂದರೆ ಸ್ಕೂಟರ್ ಸವಾರನು ಮೊದಲು ಕಲಿಯಬೇಕಾದದ್ದು ನಾಲ್ಕು ಚಕ್ರದ ವಾಹನ ಓಡಿಸುವುದನ್ನು. ದ್ವಿಚಕ್ರ ವಾಹನದಿಂದ ನೇರವಾಗಿ ಬಂದ ಗ್ರಾಹಕರ ಪಾಲು ಎಷ್ಟೆಂಬುದನ್ನು ಪ್ರತಿ ತಿಂಗಳು ಅಳೆದು ಆಡಳಿತ ಮಂಡಳಿಗೆ ವರದಿ ಮಾಡಬೇಕು. ಸಾಲ ಮರುಪಾವತಿಯ ಅಪಾಯ ಇಲ್ಲಿ ನಿಜವಾಗಿಯೂ ಇದೆ. ಮೊದಲ ವರ್ಷ ಕೆಲವೇ ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ, ಸುಸ್ತಿಯ ಪ್ರಮಾಣ ನೋಡಿಕೊಂಡು ವಿಸ್ತರಿಸುವುದು ಸೂಕ್ತ.

4. ಬೆಂಕಿ ಪ್ರಕರಣಗಳ ನಿರ್ವಹಣೆ (2010ರ ಮಾರ್ಚ್; ಹೊಣೆ: ವ್ಯವಸ್ಥಾಪಕ ನಿರ್ದೇಶಕರು). ಮುಂಬಯಿಯ ಘಟನೆಯ ನಂತರ ಕೆಲವೇ ವಾರಗಳಲ್ಲಿ ಮಾರಾಟವಾದ ಎಲ್ಲ ಕಾರುಗಳನ್ನು ತಪಾಸಣೆಗೆ ಬಹಿರಂಗವಾಗಿ ಹಿಂದಕ್ಕೆ ಕರೆಯಬೇಕಾಗಿತ್ತು. ಆಗ ರಸ್ತೆಯಲ್ಲಿದ್ದ ನ್ಯಾನೊಗಳ ಸಂಖ್ಯೆ ಇನ್ನೂ ಕಡಿಮೆ ಇದ್ದುದರಿಂದ ವೆಚ್ಚವೂ ಮಿತವಾಗಿರುತ್ತಿತ್ತು. ತನಿಖೆಯ ವರದಿಯನ್ನು ಗ್ರಾಹಕರಿಗೆ ಅರ್ಥವಾಗುವ ಭಾಷೆಯಲ್ಲಿ, ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಿ, ನಾಲ್ಕು ವರ್ಷದ ವಾರಂಟಿಯನ್ನು ಡಿಸೆಂಬರ್‌ವರೆಗೆ ಕಾಯದೆ ಅದರ ಜೊತೆಯಲ್ಲೇ ಘೋಷಿಸಬೇಕಾಗಿತ್ತು.

ಇವುಗಳಲ್ಲಿ ಆದ್ಯತೆಯ ಪ್ರಶ್ನೆ ಬಂದರೆ ಮೂರನೆಯ ಶಿಫಾರಸಿಗೆ ಮೊದಲ ಸ್ಥಾನ ಕೊಡುತ್ತೇನೆ. ಸಾಲ ಮತ್ತು ವಾರಂಟಿಯ ಕ್ರಮಗಳು ಐದು ತಿಂಗಳೊಳಗೆ ಮಾರಾಟವನ್ನು 509ರಿಂದ ಹತ್ತು ಸಾವಿರಕ್ಕೆ ಏರಿಸಿದ್ದು ದಾಖಲಾಗಿರುವ ಸಂಗತಿ. ಉಳಿದ ಶಿಫಾರಸುಗಳಿಗೆ ಅಷ್ಟು ನೇರವಾದ ಪುರಾವೆ ಈ ಪ್ರಕರಣದಲ್ಲಿ ದೊರೆಯುವುದಿಲ್ಲ.