ಡಯಾಲಿಸಿಸ್ ಶುರುವಾದ ಮಾವನಿಗೆ

ಬೆಂಗಳೂರು
23 ಜುಲೈ 2025

ಪ್ರೀತಿಯ ಮಾವನಿಗೆ ಸುಮಾ ಮಾಡುವ ನಮಸ್ಕಾರಗಳು.

‘ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರಬೇಕು’ ಎಂದು ಕಾಗದ ಶುರು ಮಾಡುವುದನ್ನು ಕಲಿಸಿದವರು ನೀವೇ. ಈ ಸಲ ಆ ಸಾಲು ಬಿಟ್ಟಿದ್ದೇನೆ. ನೀವು ಕ್ಷೇಮವಾಗಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ‘ಹೇಗಿದ್ದೀರಿ’ ಎಂದು ಕೇಳುವಷ್ಟರಲ್ಲೇ ‘ಆರಾಮಿದ್ದೇನೆ, ನಿನ್ನ ಕೆಲಸ ಹೇಗೆ ನಡೆದಿದೆ’ ಎಂದು ಮಾತನ್ನು ನನ್ನ ಕಡೆ ತಿರುಗಿಸಿಬಿಡುತ್ತೀರಿ. ಹಾಗೆ ಹೇಳಿ ಫೋನ್ ಇಟ್ಟ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತೀರಿ ಎಂದು ಅತ್ತೆ ಹೇಳಿದರು. ಅತ್ತೆಯ ಮೇಲೆ ರೇಗಬೇಡಿ, ಕೆದಕಿ ಕೇಳಿದವಳು ನಾನು. ಮೈಯಲ್ಲಿ ಕಸುವಿಲ್ಲದಾಗ ಬಂದ ಪ್ರತಿ ಕರೆಗೂ ಆರಾಮಿದ್ದೇನೆ ಎನ್ನುವುದು ಸಣ್ಣ ಶ್ರಮವಲ್ಲ. ಕಾಗದಕ್ಕಾದರೆ ಕೂಡಲೇ ಉತ್ತರ ಕೊಡಬೇಕಿಲ್ಲ. ಅರ್ಧ ಓದಿ ದಿಂಬಿನ ಕೆಳಗಿಟ್ಟು ನಿದ್ದೆ ಮಾಡಿದರೂ ಯಾರೂ ಕೇಳುವುದಿಲ್ಲ.

ಸಕ್ಕರೆ ಕಾಯಿಲೆ ಇಷ್ಟು ವರ್ಷ ಸದ್ದಿಲ್ಲದೆ ಮೂತ್ರಪಿಂಡವನ್ನು ತಿಂದಿದೆ. ಕಳೆದ ವರ್ಷವೇ ಡಾಕ್ಟರು ಈ ದಿನ ಬರಬಹುದು ಎಂದಿದ್ದರು. ಬರುತ್ತದೆ ಎಂದು ಗೊತ್ತಿದ್ದರೂ ಬಂದಾಗ ಆಗುವ ಆಘಾತ ಕಡಿಮೆಯಾಗುವುದಿಲ್ಲ. ನಿಮಗೆ ಸಿಟ್ಟು ಬಂದಿದ್ದರೆ ಬರಲಿ. ವಾರಕ್ಕೆ ಮೂರು ದಿನ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ಕೈ ಕೊಟ್ಟು ಮಲಗುವುದು, ಮನೆಗೆ ಬಂದ ಮೇಲೆ ಆ ದಿನವೆಲ್ಲ ಸುಸ್ತು. ಇದರಲ್ಲಿ ಒಳ್ಳೆಯದನ್ನು ಹುಡುಕು ಎಂದು ಯಾರಾದರೂ ಹೇಳಿದರೆ ನನಗೇ ರೇಗುತ್ತದೆ.

‘ತಪ್ಪೆಲ್ಲ ನನ್ನದೇ, ಕಂಡ ಕಂಡ ಊಟದ ಮನೆಯಲ್ಲಿ ಹೋಳಿಗೆ ತಿಂದೆ’ ಎಂದು ಗಿರೀಶನ ಹತ್ತಿರ ಅಂದಿರಂತೆ. ಆ ಲೆಕ್ಕ ಬೇಡ ಮಾವ. ಪಥ್ಯ ಮಾಡಿದವರಿಗೂ ಈ ಕಾಯಿಲೆ ಬಂದಿದೆ, ಮಾಡದವರನ್ನೂ ಬಿಟ್ಟಿದೆ. ಹಳೆಯ ಹೋಳಿಗೆಗಳನ್ನು ಎಣಿಸಿದರೆ ಇವತ್ತಿನ ಸುಸ್ತು ಇಳಿಯುವುದಿಲ್ಲ.

ನೋಡಲು ಬರುವವರ ವಿಷಯ ಬರೆಯಲೇಬೇಕು. ಬಂದವರೆಲ್ಲ ಪ್ರೀತಿಯಿಂದಲೇ ಬರುತ್ತಾರೆ, ಎಳನೀರು ತರುತ್ತಾರೆ, ಬಾಳೆಹಣ್ಣಿನ ಚಿಪ್ಪು ತರುತ್ತಾರೆ. ನಿಮಗೆ ಡಾಕ್ಟರು ಮೊದಲು ಬೇಡವೆಂದದ್ದು ಅವೆರಡನ್ನೇ! ಪೊಟ್ಯಾಷಿಯಂ ಏರಿದರೆ ಹೃದಯಕ್ಕೇ ಪೆಟ್ಟು ಎಂದು ಬಂದವರಿಗೆಲ್ಲ ಪಾಠ ಹೇಳುವ ಕೆಲಸ ನಿಮ್ಮದಲ್ಲ. ಅತ್ತೆ ತೆಗೆದು ಒಳಗಿಡಲಿ, ಕೊಟ್ಟಿಗೆಯ ದನಕ್ಕಾದರೂ ಆದೀತು. ಇನ್ನು ಆ ಬಾಳೆದಿಂಡಿನ ರಸದ ಸಲಹೆ. ಕಲ್ಲು ಕರಗುತ್ತದೆ ಎಂದು ಊರೆಲ್ಲ ಹೇಳುವುದು ನಿಜ, ಆದರೆ ನಿಮ್ಮದು ಕಲ್ಲಿನ ತೊಂದರೆಯಲ್ಲ. ಅದರಲ್ಲೂ ಪೊಟ್ಯಾಷಿಯಂ ಇದೆ. ಯಾರು ಎಷ್ಟೇ ಆಣೆ ಪ್ರಮಾಣ ಮಾಡಿ ಹೇಳಿದರೂ ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಬೇಡಿ. ‘ಧೈರ್ಯವಾಗಿರಿ’ ಎನ್ನುವವರ ಮುಂದೆ ಧೈರ್ಯ ತೋರಿಸಲೂ ಬೇಕಿಲ್ಲ. ನಿದ್ದೆ ಬಂದಿದೆ ಎಂದು ಕಣ್ಣು ಮುಚ್ಚಿ. ಜಗಲಿಯಲ್ಲಿ ಕೂರಿಸಿ ಮಾತಾಡಿಸಿ ಕಳಿಸುವುದು ಗಿರೀಶನಿಗೆ ಬಿಟ್ಟಿದ್ದು.

ಅಪ್ಪೆಮಿಡಿಯ ಭರಣಿಯನ್ನು ಅತ್ತೆ ಅಟ್ಟಕ್ಕೆ ಏರಿಸಿದ್ದಾರಂತೆ. ಉಪ್ಪು ಹೋಯಿತು, ಉಪ್ಪಿನಕಾಯಿ ಹೋಯಿತು. ದಿನಕ್ಕೆ ಒಂದು ಲೀಟರ್ ಎಂದರೆ ನೀರು ಮಾತ್ರವಲ್ಲ, ಮಜ್ಜಿಗೆ, ಕಷಾಯ, ತಂಬುಳಿ, ಸಾರು ಎಲ್ಲ ಅದೇ ಲೀಟರಿನೊಳಗೆ ಬರಬೇಕು. ಉಂಡೆದ್ದು ಎರಡು ಲೋಟ ಮಜ್ಜಿಗೆ ಕುಡಿಯದೆ ಎಲೆ ಬಿಟ್ಟು ಏಳದ ಮನುಷ್ಯನಿಗೆ ಇದು ಎಂಥ ಶಿಕ್ಷೆ ಎಂದು ಯೋಚಿಸಿದರೆ ನನ್ನ ಗಂಟಲೂ ಒಣಗುತ್ತದೆ. ಇದಕ್ಕೆ ಸಮಾಧಾನದ ಮಾತು ನನ್ನಲ್ಲಿಲ್ಲ. ಬಾಯಿ ತೀರ ಒಣಗಿದಾಗ ಒಂದು ಸಣ್ಣ ಮಂಜುಗಡ್ಡೆ ಚೂರು ಬಾಯಲ್ಲಿಟ್ಟುಕೊಂಡರೆ ಗುಟುಕು ನೀರಿಗಿಂತ ಹೆಚ್ಚು ಹೊತ್ತು ಬರುತ್ತದಂತೆ. ಅದನ್ನೂ ಲೀಟರಿನ ಲೆಕ್ಕಕ್ಕೇ ಹಿಡಿಯಬೇಕು ಅನ್ನಿ.

ಡಯಾಲಿಸಿಸ್ ಮೂತ್ರಪಿಂಡವನ್ನು ಸರಿ ಮಾಡುವುದಿಲ್ಲ. ಅದು ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಹೊರಗಿನಿಂದ ಮಾಡಿಕೊಡುತ್ತದೆ, ಅಷ್ಟೇ. ಆದರೆ ಆ ಪಾಲು ಚಿಕ್ಕದಲ್ಲ. ಜೂನ್ ತಿಂಗಳಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯುತ್ತಿತ್ತು, ಚಪ್ಪಲಿ ಹಿಡಿಸದಷ್ಟು ಪಾದ ಊದಿತ್ತು. ಈಗ ಊತ ಇಳಿದಿದೆ, ಎರಡು ದಿಂಬು ಸಾಕಾಗುತ್ತದೆ ಎಂದು ಅತ್ತೆ ಹೇಳಿದಾಗ ನನಗೆ ಸ್ವಲ್ಪ ಉಸಿರು ಬಂತು. ಯಂತ್ರದ ಮೇಲಿದ್ದಾಗ ಕಾಲಿನ ಮೀನಖಂಡ ಹಿಡಿದುಕೊಂಡರೆ ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಡಿ. ಕೂಡಲೇ ನರ್ಸನ್ನು ಕರೆಯಿರಿ. ನೀರು ತೆಗೆಯುವ ವೇಗವನ್ನು ಅವರು ಹೊಂದಿಸಬಲ್ಲರು. ತೊಂದರೆ ಕೊಟ್ಟ ಹಾಗಾಯಿತಲ್ಲ ಎಂಬ ಸಂಕೋಚ ಅಲ್ಲಿ ಬೇಡ.

ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾದ ಮೇಲೆ ಅತ್ತೆ ದಿನಾ ಬೆಳಗ್ಗೆ ದೀಪ ಹಚ್ಚುವ ಮೊದಲು ಎರಡು ಬೆರಳಿಟ್ಟು ನೋಡುತ್ತಾರಂತೆ. ಜೇನುಪೆಟ್ಟಿಗೆಯ ಮೇಲೆ ಕೈ ಇಟ್ಟ ಹಾಗೆ ಝುಂ ಎನ್ನುತ್ತದೆ ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆದರಿಕೆಯೂ ಇತ್ತು, ಏನೋ ಒಂದು ವಿದ್ಯೆ ಕಲಿತ ಹೆಮ್ಮೆಯೂ ಇತ್ತು. ಆ ಝುಂಕಾರ ನಿಂತಿತು ಎನಿಸಿದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕು. ಆ ಕೈಗೆ ಬಿಪಿ ಪಟ್ಟಿ ಕಟ್ಟಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡಿ. ಗೋಣಿಚೀಲ ಎತ್ತುವುದಂತೂ ಬೇಡವೇ ಬೇಡ. ನೀವು ಎತ್ತುವವರೇ, ಅದಕ್ಕೇ ಬರೆದೆ.

ತೋಟದ ಚಿಂತೆ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿದೆ ಎಂದು ಗೊತ್ತು. ಅಡಿಕೆಗೆ ಮೊದಲ ಸಲದ ಬೋರ್ಡೊ ಹೊಡೆಯುವುದು ಮಳೆ ಹಿಡಿಯುವ ಮೊದಲೇ ಆಗಿದೆ. ಎರಡನೆಯದಕ್ಕೆ ಮೈಲುತುತ್ತ, ಸುಣ್ಣ ಎರಡೂ ಬಂದು ಕಣಜದಲ್ಲಿವೆ. ಹೊಳವಾದ ಮೊದಲ ದಿನವೇ ಬರುತ್ತೇನೆ ಎಂದು ಕೊನೆಗೌಡ ಒಪ್ಪಿದ್ದಾನೆ. ಈ ವರ್ಷ ಕೊಳೆ ಬಾರದು ಎಂದು ನಾನು ಹೇಳಲಾರೆ. ಮಳೆ ಹೀಗೇ ಹಿಡಿದುಕೊಂಡರೆ ಒಂದಿಷ್ಟು ಉದುರಬಹುದು. ಉದುರಿದರೆ ಅದು ನೀವು ಮಲಗಿದ್ದರಿಂದ ಉದುರಿದ್ದಲ್ಲ, ನೀವು ತೋಟದಲ್ಲೇ ನಿಂತಿದ್ದ ವರ್ಷಗಳಲ್ಲೂ ಉದುರಿದೆ. ಬೆಳೆವಿಮೆಯ ಕಂತನ್ನು ಗಿರೀಶ ಕಟ್ಟಿದ್ದಾನೆ, ರಸೀದಿ ಕಪಾಟಿನ ನೀಲಿ ಫೈಲಿನಲ್ಲಿದೆ. ಸೊಸೈಟಿಯ ಸಾಲದ ಕಾಗದಪತ್ರವನ್ನೂ ಅವನೇ ನೋಡಿಕೊಳ್ಳುತ್ತಾನೆ. ಮುಂದಿನ ತಿಂಗಳು ಪೂರ್ತಿ ಊರಿನಿಂದಲೇ ಕೆಲಸ ಮಾಡಲು ಅವನಿಗೆ ಒಪ್ಪಿಗೆ ಸಿಕ್ಕಿದೆ.

ಸುಣ್ಣ ಸಾಲದಿದ್ದರೆ ದ್ರಾವಣದಲ್ಲಿ ಅದ್ದಿದ ಚಾಕುವಿನ ಅಲಗಿಗೆ ಕೆಂಪು ತಾಮ್ರ ಹತ್ತುತ್ತದೆ ಎಂದು ನೀವು ಅದ್ದಿ ಅದ್ದಿ ನೋಡುತ್ತಿದ್ದಿರಲ್ಲ, ಗಿರೀಶನಿಗೆ ಆ ಕೆಂಪು ಕಣ್ಣಿಗೇ ಕಾಣುವುದಿಲ್ಲವಂತೆ. ಮೈ ಸುಧಾರಿಸಿದ ದಿನ ಜಗಲಿಗೆ ಬಂದು ಕುಳಿತರೆ ಚಾಕುವನ್ನು ನಿಮ್ಮ ಮುಂದೆ ಹಿಡಿಯುತ್ತಾನೆ. ಸುಧಾರಿಸದಿದ್ದರೆ ಬೇಡ. ಅವನು ಪೇಟೆಯಿಂದ ಲಿಟ್ಮಸ್ ಕಾಗದ ತಂದಿಟ್ಟಿದ್ದಾನೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ನೀವು ಸಾಗರದಿಂದ ರಾತ್ರಿ ಬಸ್ಸಿಗೆ ಬಂದಿದ್ದಿರಿ. ಬಂದವರೆಲ್ಲ ‘ಏನೂ ಆಗುವುದಿಲ್ಲ’ ಎನ್ನುತ್ತಿದ್ದರು, ಅಪ್ಪ ತಲೆಯಾಡಿಸುತ್ತಿದ್ದರು. ನೀವು ಏನೂ ಹೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತು ಪೇಪರ್ ಬಿಡಿಸಿ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಓದಿದಿರಿ. ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದು ಅಡಿಕೆ ಮರವೂ ಇಲ್ಲದ ಬ್ಯಾಂಕ್ ಗುಮಾಸ್ತ ಅಪ್ಪ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, ‘ರಾಶಿ ಇಳಿಯಿತಲ್ಲೋ’ ಎಂದರು. ಆ ವಾರವೆಲ್ಲ ಅವರು ತಾವಾಗಿ ಆಡಿದ ಮಾತು ಅದೊಂದೇ. ಆಮೇಲೆ ನೀವು ನನ್ನನ್ನು ಕೆಳಗಿನ ಹೋಟೆಲಿಗೆ ಕರೆದುಕೊಂಡು ಹೋಗಿ, ಬೇಡವೆಂದರೂ ಕೇಳದೆ ಊಟ ಮಾಡಿಸಿದಿರಿ. ಕಾಯಿಲೆ ಬಿದ್ದವರ ಹತ್ತಿರ ಹೇಗಿರಬೇಕು ಎಂದು ನಾನು ನೋಡಿ ಕಲಿತದ್ದು ಅಲ್ಲಿ.

ಮೂತ್ರಪಿಂಡದ ಕಸಿಯ ವಿಷಯವನ್ನು ಈ ಕಾಗದದಲ್ಲಿ ಎತ್ತುವುದಿಲ್ಲ. ಅತ್ತೆ ಕೊಡುತ್ತೇನೆ ಎಂದದ್ದು, ನೀವು ಎದ್ದು ಹೋದದ್ದು ಎರಡೂ ನನಗೆ ಗೊತ್ತಾಗಿದೆ. ನೀವಾಗಿ ಮಾತು ತೆಗೆದರೆ ಎಷ್ಟು ಹೊತ್ತು ಬೇಕಾದರೂ ಮಾತಾಡೋಣ. ತೆಗೆಯದಿದ್ದರೆ ನಾನೂ ತೆಗೆಯುವುದಿಲ್ಲ. ಅತ್ತೆಯ ಹತ್ತಿರ ಮಾತ್ರ ಅದರ ಬಗ್ಗೆ ಮುನಿಸಿಕೊಂಡು ಇರಬೇಡಿ, ಅವರು ಅಡುಗೆಮನೆಯಲ್ಲಿ ಒಬ್ಬರೇ ಅಳುತ್ತಾರೆ.

ಆಗಸ್ಟ್ 1ರ ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿಗೆ ಟಿಕೆಟ್ ಆಗಿದೆ. ಶನಿವಾರ ಬೆಳಗ್ಗೆ ಜಂಬಗಾರು ನಿಲ್ದಾಣದಲ್ಲಿ ಇಳಿದು ಆಟೋ ಮಾಡಿಕೊಂಡು ನೇರವಾಗಿ ಆಸ್ಪತ್ರೆಗೇ ಬರುತ್ತೇನೆ, ಯಾರೂ ನಿಲ್ದಾಣಕ್ಕೆ ಬರುವುದು ಬೇಡ. ಆ ನಾಲ್ಕು ಗಂಟೆ ಅತ್ತೆ ಮನೆಯಲ್ಲಿ ಮಲಗಲಿ, ಒಳಗೆ ಬಿಟ್ಟರೆ ನಿಮ್ಮ ಪಕ್ಕ, ಬಿಡದಿದ್ದರೆ ಹೊರಗಿನ ಬೆಂಚಿನ ಮೇಲೆ ನಾನಿರುತ್ತೇನೆ. ಮಾತಾಡಬೇಕೆಂದೇನೂ ಇಲ್ಲ. ನನ್ನ ಕೈಯಲ್ಲೂ ಪುಸ್ತಕವಿರುತ್ತದೆ. ನಿಮ್ಮ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳಲ್ಲಿ ಕೆಲವನ್ನು ಮೊಬೈಲಿಗೆ ಇಳಿಸಿಕೊಂಡಿದ್ದೇನೆ. ಕೇಳಬೇಕೆನಿಸಿದರೆ ಕೇಳೋಣ. ನಿಮ್ಮ ಅರ್ಥವನ್ನು ಕೇಳಿ ನಿಮಗೇ ಬೇಸರವಾಗುವ ಹಾಗಿದ್ದರೆ ಅದೂ ಬೇಡ.

ಅಲ್ಲಿಯವರೆಗೆ ಫೋನ್ ಮಾಡಿದಾಗ ಅತ್ತೆಯ ಹತ್ತಿರ ಕೊಟ್ಟುಬಿಡಿ, ನಾನು ತಪ್ಪು ತಿಳಿಯುವುದಿಲ್ಲ. ಬೇಗ ಗುಣವಾಗಿ ಎಂದು ಬರೆಯಲು ಕೈ ಬರುತ್ತಿಲ್ಲ. ಈ ವಾರ ಕಳೆದ ವಾರಕ್ಕಿಂತ ನಿದ್ದೆ ಸ್ವಲ್ಪ ಹೆಚ್ಚು ಬರಲಿ, ವಾಕರಿಕೆ ಕಡಿಮೆಯಾಗಲಿ, ಊಟ ನಾಲ್ಕು ತುತ್ತು ಜಾಸ್ತಿ ಸೇರಲಿ.

ನಿಮ್ಮ ಸೋದರಸೊಸೆ,
ಸುಮಾ

ಅತ್ತೆಗೆ: ಶನಿವಾರ ನನಗೆಂದು ಏನೂ ಮಾಡಿಡಬೇಡಿ, ಮಾವನಿಗೆ ಮಾಡಿದ ಉಪ್ಪಿಲ್ಲದ ಪಲ್ಯವೇ ನನಗೂ ಆಗುತ್ತದೆ. ಆಸ್ಪತ್ರೆಯ ಫೈಲನ್ನು ಮಾವನ ಹತ್ತಿರವೇ ಕಳಿಸಿ. ಡಾಕ್ಟರನ್ನು ಕೇಳಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಇಟ್ಟಿರಿ. ನೀವು ಕೇಳಲು ಹಿಂಜರಿದದ್ದನ್ನು ನಾನು ಕೇಳುತ್ತೇನೆ.